ಸೂರ್ಯ ಮುಳುಗಿದ ಮೇಲೆ: ಪಂತುವರಾಳಿಯೋ, ಪೂರ್ವಿಕಲ್ಯಾಣಿಯೋ, ವಸಂತವೋ?

ಮಾಯಾಮಾಳವಗೌಳದ ಸರಳೆ ವರಸೆಯನ್ನು ಕೀಬೋರ್ಡಿನಲ್ಲಿ ನುಡಿಸಿ. ಆಮೇಲೆ ಮಧ್ಯಮವೊಂದನ್ನು ಮಾತ್ರ ಅರ್ಧ ಮೆಟ್ಟಿಲು ಮೇಲಕ್ಕೆ ಸರಿಸಿ ಅದನ್ನೇ ಮತ್ತೆ ನುಡಿಸಿ. ಉಳಿದ ಆರು ಸ್ವರಗಳನ್ನು ಮುಟ್ಟಬೇಡಿ. ಬೆಳಗಿನ ಪಾಠದಂತಿದ್ದದ್ದು ನನ್ನ ಕಿವಿಗಂತೂ ಕೂಡಲೇ ಮುಸ್ಸಂಜೆಯಾಗುತ್ತದೆ. ಹದಿನೈದನೇ ಮೇಳ ಐವತ್ತೊಂದನೇ ಮೇಳವಾಯಿತು, ಅಂದರೆ ಪಂತುವರಾಳಿ. ಪಟ್ಟಿಯಲ್ಲಿ ಇವೆರಡರ ನಡುವೆ ಸರಿಯಾಗಿ 36 ಮನೆಗಳ ಅಂತರ. ಶುದ್ಧ ಮಧ್ಯಮದ ಪ್ರತಿ ಮೇಳಕ್ಕೂ 36 ಮನೆ ಆಚೆ ಒಂದು ಪ್ರತಿಮಧ್ಯಮದ ಜೋಡಿ ಇದ್ದೇ ಇರುತ್ತದೆ.

ಈ ಆಟ ಹಿಡಿಸಿಹೋಗಿ, ಸಂಜೆಯ ರಾಗಗಳೆಂದು ಹೇಳುವ ಮೂರನ್ನು ಆರಿಸಿಕೊಂಡೆ. ವಾರಕ್ಕೊಂದರಂತೆ ಮೂರು ವಾರ, ಹೊರಗೆ ಬೆಳಕು ಆರುವ ಹೊತ್ತಿಗೆ ಅರ್ಧ ಗಂಟೆ ಕೇಳಿದೆ: ಪಂತುವರಾಳಿ, ಪೂರ್ವಿಕಲ್ಯಾಣಿ, ವಸಂತ. ಮೂರರಲ್ಲೂ ಶುದ್ಧ ರಿಷಭ, ಅಂತರ ಗಾಂಧಾರ, ಕಾಕಲಿ ನಿಷಾದ ಒಂದೇ. ಬೇರೆಯಾಗುವುದು ನಡುವಿನ ಭಾಗ, ಅಂದರೆ ಮಧ್ಯಮ, ಪಂಚಮ, ಧೈವತ. ಹಾಗಾಗಿ ಹೋಲಿಸುವುದಕ್ಕೆ ಒಳ್ಳೆಯ ಗುಂಪು. (ಕಲ್ಯಾಣಿಯನ್ನು ಬೇಕೆಂದೇ ಬಿಟ್ಟೆ. ಅದು ಯಾವ ಹೊತ್ತಿಗೆ ಹಾಕಿದರೂ ಗೆದ್ದುಬಿಡುತ್ತದೆ, ಪಂದ್ಯಕ್ಕೆ ಅರ್ಥ ಇರುವುದಿಲ್ಲ.)

ನಮ್ಮ ಸಂಗೀತದಲ್ಲಿ ಹೊತ್ತಿನ ಕಟ್ಟು ಹಿಂದೂಸ್ತಾನಿಯಷ್ಟು ಬಿಗಿಯಲ್ಲ. ಭೂಪಾಳ, ಬೌಳಿಗಳನ್ನು ಬೆಳಗಿಗೇ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ, ಆದರೆ ಕಛೇರಿಯಲ್ಲಿ ಸಂಜೆ ಏಳಕ್ಕೆ ಬಿಲಹರಿ ಹಾಡಿದರೆ ಯಾರೂ ಎದ್ದುಹೋಗುವುದಿಲ್ಲ. ಅದಕ್ಕೇ ನಾನು ನೋಡಿದ್ದು ಶಾಸ್ತ್ರ ಏನು ಹೇಳುತ್ತದೆ ಅಂತಲ್ಲ, ಆ ಅರ್ಧ ಗಂಟೆಯಲ್ಲಿ ರಾಗ ನನ್ನನ್ನು ಏನು ಮಾಡುತ್ತದೆ ಅಂತ.

ಮೊದಲ ವಾರ ಪಂತುವರಾಳಿ. ಕಾಮವರ್ಧಿನಿ ಅಂದರೂ ಇದೇ. ದೀಕ್ಷಿತರ ಸಂಪ್ರದಾಯದಲ್ಲಿ ಇದರ ಹೆಸರು ಕಾಶಿರಾಮಕ್ರಿಯೆ, ‘ವಿಶಾಲಾಕ್ಷೀಂ ವಿಶ್ವೇಶೀಂ’ ಆ ಹೆಸರಿನದು. ನಾನು ಹೆಚ್ಚು ಕೇಳಿದ್ದು ತ್ಯಾಗರಾಜರ ‘ಶಿವ ಶಿವ ಶಿವ ಯನರಾದಾ’ ಮತ್ತು ಸ್ವಾತಿ ತಿರುನಾಳರ ‘ಸಾರಸಾಕ್ಷ ಪರಿಪಾಲಯ’. ಇದರ ಧೈವತ ಪಂಚಮಕ್ಕೆ ಅಂಟಿಕೊಂಡ ಹಾಗಿದೆ, ಅರ್ಧ ಮೆಟ್ಟಿಲು ಮಾತ್ರ ಮೇಲೆ. ರಿಷಭವೂ ಷಡ್ಜಕ್ಕೆ ಅಷ್ಟೇ ಹತ್ತಿರ, ಪ್ರತಿಮಧ್ಯಮವೂ ಕೆಳಗಿನಿಂದ ಪಂಚಮವನ್ನು ಒತ್ತುತ್ತದೆ. ಹೀಗೆ ಎರಡು ನಿಂತ ಸ್ವರಗಳನ್ನೂ ಪಕ್ಕದವರು ಬಿಡದೆ ತಳ್ಳುತ್ತಿರುತ್ತಾರೆ. ಅದರಿಂದಲೇ ಈ ರಾಗಕ್ಕೆ ಬಿಗಿ. ಕಲ್ಪನಾಸ್ವರಕ್ಕೆ ಇದು ಹೇಳಿ ಮಾಡಿಸಿದ್ದು, ಮಂದಗತಿಯಲ್ಲಿ ಶುರುವಾದ ಕಛೇರಿಯನ್ನು ಎಬ್ಬಿಸಿ ಕೂರಿಸುತ್ತದೆ. ಆದರೆ ದಿನದ ಕೆಲಸ ಮುಗಿಸಿ ಕಾಲು ಚಾಚಿದವನನ್ನೂ ಹಾಗೇ ಎಬ್ಬಿಸಿ ಕೂರಿಸುತ್ತದೆ. ನಾಲ್ಕನೇ ಸಂಜೆಗೆ ನನಗೆ ಸಾಕಾಯಿತು. ಒಳ್ಳೆಯ ರಾಗ, ಆದರೆ ಸುಮ್ಮನಿರಲು ಬಿಡುವುದಿಲ್ಲ.

ಆ ವಾರದಲ್ಲೇ ಒಂದು ಎಡವಟ್ಟೂ ಆಯಿತು. ಯಾರೋ ಏರಿಸಿದ್ದ ಧ್ವನಿಮುದ್ರಣದ ಮೇಲೆ ಪಂತುವರಾಳಿ ಎಂದಿತ್ತು, ಹಾಕಿದರೆ ಮನೆ ತುಂಬ ದುಃಖ. ಎರಡು ನಿಮಿಷ ಇದು ಗಾಯಕರ ಭಾವ ಎಂದುಕೊಂಡೆ. ಆಮೇಲೆ ‘ಸ ರಿ ಗ’ ಎಂದು ಜೊತೆಗೆ ಗುನುಗಿದಾಗ ಗಾಂಧಾರ ಕೂರಲೇ ಇಲ್ಲ, ನನ್ನದು ಮೇಲೆ, ಅವರದು ಕೆಳಗೆ. ಅದು ಶುಭಪಂತುವರಾಳಿ, 45ನೇ ಮೇಳ. ಹೆಸರಿನಲ್ಲಿ ನಂಟು, ಸ್ವರದಲ್ಲಿ ಅಂತರ ಗಾಂಧಾರದ ಬದಲು ಸಾಧಾರಣ ಗಾಂಧಾರ. ಹಿಂದೂಸ್ತಾನಿಯವರ ತೋಡಿಗೂ ಇವೇ ಸ್ವರಗಳು, ಅವರು ಅದನ್ನು ಹಾಡುವುದು ಬೆಳಿಗ್ಗೆ! ಹೆಸರು ನಂಬಬೇಡಿ, ಗಾಂಧಾರ ನೋಡಿ.

ಎರಡನೇ ವಾರದ ಪೂರ್ವಿಕಲ್ಯಾಣಿಯ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಪಂತುವರಾಳಿಯಿಂದ ಇಲ್ಲಿಗೆ ಬರಲು ಧೈವತ ಒಂದನ್ನು ಅರ್ಧ ಮೆಟ್ಟಿಲು ಏರಿಸಿದರೆ ಸ್ವರಗಳೇನೋ ಸಿಗುತ್ತವೆ. ಅದು ಗಮನಶ್ರಮ, 53ನೇ ಮೇಳ. ಆದರೆ ರಾಗ ಸಿಗುವುದಿಲ್ಲ. ರಾಗ ಇರುವುದು ನಡಿಗೆಯಲ್ಲಿ: ಏರುವಾಗ ‘ಪ ದ ಪ ಸ’ ಎಂದು ಧೈವತ ಮುಟ್ಟಿ, ಮತ್ತೆ ಪಂಚಮಕ್ಕೆ ಇಳಿದು, ಅಲ್ಲಿಂದ ಒಮ್ಮೆಗೇ ಮೇಲಿನ ಷಡ್ಜಕ್ಕೆ ಹೋಗುತ್ತದೆ. ನಿಷಾದವನ್ನು ದಾಟಿಬಿಡುತ್ತದೆ. ಆ ಒಂದು ಹೆಜ್ಜೆ ಹಿಂದೆ ಸರಿಯುವುದರಲ್ಲಿ ಉಸಿರು ಬಿಟ್ಟ ಹಾಗಾಗುತ್ತದೆ. ಪಂತುವರಾಳಿಯಲ್ಲಿ ಧೈವತ ಪಂಚಮವನ್ನು ತಳ್ಳುತ್ತಿತ್ತು, ಇಲ್ಲಿ ಅದು ಪಂಚಮದ ಮೇಲೆ ಒರಗಿಕೊಳ್ಳುತ್ತದೆ. ಕೆಳಗೆ ಮಾತ್ರ ಶುದ್ಧ ರಿಷಭದ ಕೊರಗು ಹಾಗೇ ಉಳಿದಿದೆ. ಮೇಲರ್ಧ ಕಲ್ಯಾಣಿಯ ಹಾಗೆ ತೆರೆದದ್ದು, ಕೆಳಗಿನರ್ಧ ಮಬ್ಬು. ಹೊತ್ತು ಮುಳುಗಿದ ಮೇಲಿನ ಆಕಾಶವೂ ಹಾಗೇ ಅಲ್ಲವೇ?

ಶ್ಯಾಮಾ ಶಾಸ್ತ್ರಿಗಳ ‘ನಿನ್ನುವಿನಾಗ ಮರಿ’ ಹಾಕಿ, ವಿಳಂಬ ಚಾಪುವಿನಲ್ಲಿ. ನಿನ್ನ ಹೊರತು ದಿಕ್ಕು ಯಾರು ಎಂದು ಕೇಳುವ ಕೃತಿ ಅದು, ಮೊರೆ ಇದೆ, ಅವಸರ ಇಲ್ಲ. ಏಳು ಎಣಿಕೆಯ ತಾಳ ನಿಧಾನಕ್ಕೆ ತೂಗುವಾಗ ತಾಳ ಹಾಕುತ್ತಿದ್ದ ನನ್ನ ಕೈ ಎರಡನೇ ಆವರ್ತಕ್ಕೇ ನಿಂತುಹೋಗುತ್ತಿತ್ತು, ಏಳೂ ದಿನ. ತ್ಯಾಗರಾಜರ ‘ಪರಲೋಕ ಸಾಧನಮೇ’ ಇದಕ್ಕಿಂತ ಹಗುರ, ಮೊದಲ ಸಲ ಕೇಳುವವರಿಗೆ ಅದೇ ಸುಲಭ. ದೀಕ್ಷಿತರ ‘ಮೀನಾಕ್ಷಿ ಮೇ ಮುದಂ ದೇಹಿ’ಯೂ ಇದೇ ರಾಗ, ಅವರ ಕಡೆ ಗಮಕಕ್ರಿಯೆ ಎನ್ನುತ್ತಾರೆ. 1835ರ ದೀಪಾವಳಿಯಂದು ಎಟ್ಟಯಪುರದಲ್ಲಿ ಶಿಷ್ಯರು ಇದರ ‘ಮೀನಲೋಚನಿ ಪಾಶಮೋಚನಿ’ ಎಂಬ ಸಾಲು ಹಾಡುತ್ತಿದ್ದಾಗಲೇ ದೀಕ್ಷಿತರು ಕಣ್ಣು ಮುಚ್ಚಿದರು ಎಂಬ ಕಥೆ ಸಂಗೀತಗಾರರ ಬಾಯಲ್ಲಿ ಇದೆ. ಆ ಕಥೆ ಗೊತ್ತಿದ್ದರೆ ಆ ಸಾಲು ಬಂದಾಗ ಕೈಲಿದ್ದ ಕೆಲಸ ನಿಲ್ಲುತ್ತದೆ.

ವಸಂತದ ವಾರ ಬೇಗ ಮುಗಿಯಿತು. ಪಂಚಮವೇ ಇಲ್ಲದ ರಾಗ, ಮಧ್ಯಮ ಶುದ್ಧ. ‘ಸ ಮ ಗ ಮ ದ ನಿ ಸ’ ಎಂದು ಏರುತ್ತದೆ, ರಿಷಭ ಬರುವುದು ಇಳಿಯುವಾಗ ಮಾತ್ರ. ತ್ಯಾಗರಾಜರ ‘ಸೀತಮ್ಮ ಮಾಯಮ್ಮ’ ರೂಪಕ ತಾಳದಲ್ಲಿ ಕುಣಿದುಕೊಂಡು ಬಂದು ಹೋಗಿಬಿಡುತ್ತದೆ. ಇದರ ಪಕ್ಕದಲ್ಲೇ ಲಲಿತ ಎಂಬ ರಾಗವಿದೆ, ಧೈವತ ಒಂದು ಕೆಳಗಿಳಿದರೆ ಅದೇ. ವಸಂತ ಎಂದು ಹಾಕಿದ್ದು ಮಂಕಾಗಿ, ಬೇಸರವಾಗಿ ಕೇಳಿಸಿದರೆ ಧೈವತವನ್ನು ಅನುಮಾನಿಸಿ. ನನಗೆ ವಸಂತದ ತೊಂದರೆ ಏನೆಂದರೆ, ಅದರಲ್ಲಿ ಸಂಜೆ ಇನ್ನೂ ಶುರುವಾಗುತ್ತಿದೆ. ದೀಪ ಹಚ್ಚುವ ಹೊತ್ತಿಗೆ ಅದು ಚೆನ್ನ, ಕತ್ತಲಾದ ಮೇಲೆ ಅತಿ ಉತ್ಸಾಹಿ ನೆಂಟರ ಹಾಗೆ.

ಈಗ ನಾನು ಹಾಕಿಕೊಳ್ಳುವ ಕ್ರಮ ಇಷ್ಟು: ಬೆಳಕಿರುವಾಗ ವಸಂತದ ‘ನಿನ್ನು ಕೋರಿ’ ವರ್ಣ, ಅದು ಮುಗಿಯುವಷ್ಟರಲ್ಲಿ ಕಿಟಕಿ ಕಪ್ಪಾಗಿರುತ್ತದೆ. ಆಮೇಲೆ ಪೂರ್ವಿಕಲ್ಯಾಣಿ, ಆಲಾಪನೆ ಹತ್ತು ನಿಮಿಷಕ್ಕೆ ಕಡಿಮೆ ಇಲ್ಲದ್ದು. ಪಂತುವರಾಳಿಯನ್ನು ಬಿಟ್ಟಿಲ್ಲ. ರಾತ್ರಿ ಕೂತು ಮುಗಿಸಲೇಬೇಕಾದ ಕೆಲಸ ಉಳಿದು ನಿದ್ದೆ ಎಳೆಯುತ್ತಿರುವ ದಿನ ‘ಶಿವ ಶಿವ ಶಿವ’ ಹಾಕುತ್ತೇನೆ.