ತೆರಿಗೆಯ ಕೆಳಗೆ ಬರೆದ ರಿಯಾಯಿತಿ: ಮಂಚ, ಬೀರುವಿನ ಬಿಲ್ಲಿನಲ್ಲಿ 900 ರೂಪಾಯಿ ಹೆಚ್ಚು

ತುಮಕೂರಿನ ಬಿ.ಎಚ್. ರಸ್ತೆಯ ಪೀಠೋಪಕರಣ ಅಂಗಡಿಯೊಂದರಲ್ಲಿ ನಾವು ಈಚೆಗೆ 32,000 ರೂಪಾಯಿಯ ಮರದ ಮಂಚವನ್ನೂ 18,000 ರೂಪಾಯಿಯ ಬೀರುವನ್ನೂ ಕೊಂಡೆವು. ಎರಡೂ ತೆರಿಗೆ ಸೇರದ ಬೆಲೆಗಳು. ಚೀಟಿಯ ಮೇಲೆ ಬರೆದಿದ್ದ ಬೆಲೆಗೆ ಶೇಕಡಾ 10 ರಿಯಾಯಿತಿ ಎಂದು ಮಾಲೀಕರೇ ಹೇಳಿದ್ದರು. ಆದರೆ ಬಿಲ್ಲಿನಲ್ಲಿ ಮೊದಲು 50,000 ರೂಪಾಯಿ, ಅದರ ಕೆಳಗೆ ಕೇಂದ್ರ ಜಿಎಸ್‌ಟಿ 4,500, ರಾಜ್ಯ ಜಿಎಸ್‌ಟಿ 4,500, ಒಟ್ಟು 59,000, ಕಟ್ಟಕಡೆಗೆ ‘ರಿಯಾಯಿತಿ 5,000’ ಎಂದು ಕಳೆದು 54,000 ರೂಪಾಯಿ ಎಂದು ಬರೆದಿತ್ತು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ಏಕೆಂದರೆ ಹೇಳಿದ 5,000 ರೂಪಾಯಿಯನ್ನು ಕಳೆದಿದ್ದಾರೆ, ತೆರಿಗೆಯ ದರವೂ ಸರಿಯಾಗಿಯೇ ಶೇಕಡಾ 18 ಇದೆ. ತಪ್ಪಿರುವುದು ಆ ದರವನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದರು ಎಂಬಲ್ಲಿ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 15(3)ನೇ ಕಲಮಿನ ಪ್ರಕಾರ, ಮಾರಾಟದ ಸಮಯದಲ್ಲಿ ಅಥವಾ ಅದಕ್ಕೂ ಮೊದಲು ಕೊಟ್ಟು, ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿಯು ತೆರಿಗೆ ಹಾಕುವ ಮೌಲ್ಯದೊಳಗೆ ಸೇರುವುದಿಲ್ಲ. ಆದ್ದರಿಂದ ಮೊದಲು 5,000 ಕಳೆದು ಉಳಿದ 45,000ಕ್ಕೆ ಮಾತ್ರ ತೆರಿಗೆ ಹಾಕಬೇಕಿತ್ತು. ಆಗ ತೆರಿಗೆ 8,100 ರೂಪಾಯಿ, ನಾವು ಕೊಡಬೇಕಾದದ್ದು 53,100 ರೂಪಾಯಿ. ಹೆಚ್ಚಾದ 900 ರೂಪಾಯಿಯು ನಾವು ಕೊಡದೇ ಇದ್ದ 5,000 ರೂಪಾಯಿಯ ಮೇಲಿನ ತೆರಿಗೆ.

ಬಿಲ್ಲು ಕೈಗೆ ಬಂದ ಕೂಡಲೇ ಇದನ್ನು ಕಂಡುಹಿಡಿಯಲು ಒಂದೇ ಗುಣಾಕಾರ ಸಾಕು. ತೆರಿಗೆಯ ಕೆಳಗೆ ಬರೆದ ರಿಯಾಯಿತಿಯ ಮೊತ್ತವನ್ನು ತೆರಿಗೆಯ ದರದಿಂದ ಗುಣಿಸಿದರೆ ಎಷ್ಟು ಹೆಚ್ಚು ವಸೂಲಾಗಿದೆ ಎಂಬುದು ತಿಳಿಯುತ್ತದೆ. ಆದರೆ ಅಂಗಡಿಯವರನ್ನು ಪ್ರಶ್ನಿಸುವ ಮುನ್ನ ಆ ರಿಯಾಯಿತಿಯನ್ನು ಯಾವುದರ ಮೇಲೆ ಲೆಕ್ಕ ಹಾಕಿದ್ದಾರೆ ಎಂದು ನೋಡಲೇಬೇಕು. ನಮ್ಮ ಬಿಲ್ಲಿನಲ್ಲಿಯೇ 59,000ದ ಶೇಕಡಾ 10, ಅಂದರೆ 5,900 ರೂಪಾಯಿ ಕಳೆದಿದ್ದರೆ ಕೊನೆಯ ಮೊತ್ತ 53,100 ರೂಪಾಯಿಯೇ ಆಗುತ್ತಿತ್ತು. ಆಗ ತೆರಿಗೆಯ ಸಾಲು ತಪ್ಪಾಗಿದ್ದರೂ ನಮ್ಮ ಕೈಯಿಂದ ಹೆಚ್ಚಿನ ಹಣ ಹೋಗುತ್ತಿರಲಿಲ್ಲ. ತೆರಿಗೆ ಸೇರದ ಬೆಲೆಯ ಮೇಲೆ ಶೇಕಡಾವಾರು ಲೆಕ್ಕ ಹಾಕಿ, ಕಳೆಯುವಾಗ ಮಾತ್ರ ತೆರಿಗೆ ಸೇರಿದ ಮೊತ್ತದಿಂದ ಕಳೆದಾಗಲೇ ಗಿರಾಕಿಗೆ ನಷ್ಟ. ಇನ್ನು ಚೌಕಾಸಿಯಲ್ಲಿ ‘ತೆರಿಗೆ ಸೇರಿ 54,000ಕ್ಕೆ ಕೊಡಿ’ ಎಂದು ನೀವೇ ಒಪ್ಪಿಕೊಂಡಿದ್ದರೆ ಹಣ ವಾಪಸ್ ಕೇಳಲು ಆಧಾರವಿರುವುದಿಲ್ಲ. ಹಾಗಾಗಿ ರಿಯಾಯಿತಿ ಮಾತಾಡುವಾಗಲೇ ಅದು ತೆರಿಗೆಗೆ ಮುಂಚಿನ ಬೆಲೆಯ ಮೇಲೋ, ತೆರಿಗೆ ಸೇರಿದ ಮೇಲೋ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ನಾವು ವಿಚಾರಿಸಿದಾಗ ಮೊದಲು ಬಂದ ಉತ್ತರ, ‘ಕಂಪ್ಯೂಟರಿನಲ್ಲಿ ಹಾಗೇ ಬರುತ್ತದೆ ಸಾರ್, ತೆರಿಗೆ ನಮಗಲ್ಲ, ಸರ್ಕಾರಕ್ಕೆ ಹೋಗುತ್ತದೆ’ ಎಂಬುದಾಗಿತ್ತು. ಈ ಮಾತಿಗೆ ಜನ ಸುಮ್ಮನಾಗಿಬಿಡುತ್ತಾರೆ ಎಂಬುದೇ ನನಗೆ ಬೇಸರದ ಸಂಗತಿ. ಹಣ ಯಾರಿಗೇ ಹೋಗಲಿ, ನಾವು ಕೊಡಬೇಕಾಗಿಲ್ಲದ ತೆರಿಗೆಯನ್ನು ನಮ್ಮಿಂದ ತೆಗೆದುಕೊಳ್ಳುವಂತಿಲ್ಲ. ರಿಯಾಯಿತಿಯನ್ನು ಪ್ರತಿ ವಸ್ತುವಿನ ಎದುರು ನಮೂದಿಸದೆ ಬಿಲ್ಲಿನ ಕೊನೆಯಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸಿದ್ದರಿಂದ ಹೀಗಾಗಿದೆ ಎಂದು ಅವರ ಲೆಕ್ಕಪತ್ರ ನೋಡುವವರೇ ಆಮೇಲೆ ಒಪ್ಪಿದರು. ಆದರೂ ಮಾಲೀಕರು 900 ರೂಪಾಯಿಯನ್ನು ಮುಂದಿನ ಖರೀದಿಯಲ್ಲಿ ಹೊಂದಿಸಿಕೊಡುವುದಾಗಿ ಹೇಳಿದರೇ ಹೊರತು ವಾಪಸ್ ಕೊಡಲು ಸಿದ್ಧರಿರಲಿಲ್ಲ. ಬಹಳ ವಾದವಾದ ಮೇಲೆಯೇ ಬಿಲ್ಲಿನಲ್ಲಿ ಹೆಚ್ಚಾದ ಮೊತ್ತವನ್ನು ಕಡಿಮೆ ಮಾಡುವ ಕ್ರೆಡಿಟ್ ನೋಟ್ ಬರೆದು ಹಣ ಹಿಂತಿರುಗಿಸಿದರು.

ತೆರಿಗೆಯ ಕೆಳಗೆ ಕಳೆದದ್ದೆಲ್ಲವೂ ತಪ್ಪು ಎಂದು ಮಾತ್ರ ತಿಳಿಯಬಾರದು. ಹಳೆಯ ಬೀರುವನ್ನು ಕೊಟ್ಟು ಹೊಸದನ್ನು ಕೊಂಡಾಗ ಹಳೆಯದರ ಬೆಲೆ ರಿಯಾಯಿತಿಯಲ್ಲ, ಅದೂ ನೀವು ಕೊಡುವ ಪ್ರತಿಫಲವೇ. ಹಾಗೆಯೇ ನಿಮ್ಮ ಕಾರ್ಡಿಗೆ ಬ್ಯಾಂಕು ತನ್ನ ಹಣದಿಂದ ಕೊಡುವ ಕ್ಯಾಶ್‌ಬ್ಯಾಕಿನಿಂದ ಅಂಗಡಿಯವರು ಪಡೆಯುವ ಬೆಲೆ ಕಡಿಮೆಯಾಗುವುದಿಲ್ಲ. ಈ ಎರಡರಲ್ಲೂ ಪೂರ್ತಿ ಬೆಲೆಗೆ ತೆರಿಗೆ ಹಾಕುವುದು ಸರಿ.

ಹಣ ಕೊಡುವ ಮೊದಲೇ ತಪ್ಪು ಕಂಡರೆ ಬಿಲ್ಲನ್ನೇ ಬದಲಿಸಿಕೊಡಲು ಹೇಳಿ. ಕೊಟ್ಟಾದ ಮೇಲೆ ಕಂಡರೆ ಬಿಲ್ಲನ್ನೂ ಬೆಲೆ ಬರೆದ ಚೀಟಿಯನ್ನೂ ಜೋಪಾನವಾಗಿಟ್ಟುಕೊಂಡು ಅದೇ ತೆರಿಗೆ ಕಾಯ್ದೆಯ 34ನೇ ಕಲಮಿನಡಿ ಕ್ರೆಡಿಟ್ ನೋಟ್ ಕೊಡುವಂತೆ ಬರಹದಲ್ಲಿ ಕೇಳಿ. ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅಂಗಡಿಯವರು ಅದನ್ನು ತಮ್ಮ ರಿಟರ್ನಿನಲ್ಲಿ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಬಹುದಾದ್ದರಿಂದ, ಸರ್ಕಾರಕ್ಕೆ ಕಟ್ಟಿಯಾಗಿದೆ ಎಂಬ ಕಾರಣಕ್ಕೆ ನಿಮ್ಮ ಹಣವನ್ನು ನಿರಾಕರಿಸಬೇಕಾಗಿಲ್ಲ. ಅದಕ್ಕೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.