ಓಬವ್ವ, ಕೊಂಡುಕುರಿ, ಮಗ್ಗಿ: ಒಂದೇ ಗೋಡೆಗೆ ಮೂರು ಸ್ಕೆಚ್

ಚಿತ್ರದುರ್ಗದ ಹೊರವಲಯದ ಒಂದು ಸರ್ಕಾರಿ ಶಾಲೆ. ರಸ್ತೆ ಪಕ್ಕದ ಕಾಂಪೌಂಡ್ ಗೋಡೆ 40 ಅಡಿ ಉದ್ದ, 6 ಅಡಿ ಎತ್ತರ. ಚಿತ್ರ ಬರೆಯುವ ಕೆಲಸ ನನಗೆ ಬಂತು. ಏನು ಬರೆಯಬೇಕು ಅನ್ನೋದರಲ್ಲಿ ಮಾತ್ರ ಮೂರು ಪಕ್ಷ. ಹೆಡ್‌ಮೇಷ್ಟ್ರಿಗೆ ಓಬವ್ವ ಬೇಕು. ವಿಜ್ಞಾನದ ಮೇಡಂಗೆ ಜಗಳೂರಿನ ರಂಗಯ್ಯನದುರ್ಗ ಕಾಡಿನ ಕೊಂಡುಕುರಿ ಬೇಕು. ಎಸ್‌ಡಿಎಂಸಿಯವರಿಗೆ 'ಮಕ್ಕಳಿಗೆ ಉಪಯೋಗ ಆಗೋದು', ಅಂದರೆ ಮಗ್ಗಿ, ವರ್ಣಮಾಲೆ.

ಮೂರನ್ನೂ ಒಂದೇ ಅಳತೆಯಲ್ಲಿ ಬರೆದೆ. ಗೋಡೆಯ ಒಂದು ಅಡಿಗೆ ಹಾಳೆಯಲ್ಲಿ ಅರ್ಧ ಇಂಚು. ಹಾಗಾಗಿ ಇಡೀ ಗೋಡೆ 20 ಇಂಚು ಉದ್ದ, 3 ಇಂಚು ಎತ್ತರದ ಪಟ್ಟಿಯಾಯಿತು. ಈ ಅಳತೆಯಲ್ಲಿ ಒಂದು ಅನುಕೂಲ ಇದೆ. ಗೋಡೆ 24 ಪಟ್ಟು ಚಿಕ್ಕದಾಗಿದೆ, ಆದ್ದರಿಂದ ನೋಡುವ ದೂರವನ್ನೂ 24 ಪಟ್ಟು ಕಮ್ಮಿ ಮಾಡಬಹುದು. ಹಾಳೆಯನ್ನು ಮುಖದಿಂದ ಎರಡು ಅಡಿ ದೂರ ಹಿಡಿದರೆ 48 ಅಡಿಯಿಂದ ಗೋಡೆ ನೋಡಿದ ಹಾಗೆ. ನಮ್ಮ ಗೋಡೆಗೆ ಎದುರು ಟೀ ಅಂಗಡಿ ಇರುವುದು ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ. ಬಹಳ ಜನ ಸ್ಕೆಚ್ಚನ್ನು ಮೇಜಿನ ಮೇಲಿಟ್ಟು, ಬಗ್ಗಿ ನೋಡಿ 'ಚೆನ್ನಾಗಿದೆ' ಅಂತಾರೆ. ಹಾಗೆ ಬಗ್ಗಿದರೆ ಅವರು ರಸ್ತೆಯ ನಡುವೆ ನಿಂತ ಲೆಕ್ಕ, ಅಲ್ವಾ?

ಹಾಳೆಯೊಂದನ್ನೇ ನಂಬಬಾರದು ಅಂತ ಶಾಲೆಯ ಹಿಂದಿನ ಗೋಡೆಯಲ್ಲಿ ಮೂರರಿಂದಲೂ ನಾಲ್ಕು ಅಡಿ ಅಗಲದ ಒಂದೊಂದು ತುಂಡು ಬರೆದು ನೋಡಿದೆ. ಎಷ್ಟು ಹೊತ್ತು ಹಿಡಿಯಿತು ಅಂತಲೂ ಬರೆದಿಟ್ಟೆ.

ಮೊದಲು ಓಬವ್ವ. ನನ್ನ ಸ್ಕೆಚ್ಚಿನಲ್ಲಿ ಕೋಟೆಯ ಬುರುಜು, ಬಂಡೆಗಳು, ಕಿಂಡಿ, ಒನಕೆ ಎತ್ತಿದ ಓಬವ್ವ, ಬಿದ್ದ ಹೈದರನ ಸೈನಿಕರು, ಹಿಂದೆ ಇನ್ನೊಂದಷ್ಟು ಸೈನಿಕರು, ನೀರಿನ ಕೊಡ ಎಲ್ಲ ಇತ್ತು. ಹತ್ತಿರದಿಂದ ನನಗೇ ಹೆಮ್ಮೆ. ಹಾಳೆಯನ್ನು ಎರಡು ಅಡಿ ದೂರ ಹಿಡಿದಾಗ ಸೈನಿಕರು ಇರುವೆ ಸಾಲಾದರು. ತುಂಡನ್ನು ಗೋಡೆಯಲ್ಲಿ ಬರೆದಾಗಲೂ ಅದೇ ಕಥೆ. ಕಾಲು ಇಂಚಿನ ಗೆರೆಯಲ್ಲಿ ಬರೆದ ಕಣ್ಣು, ಮೀಸೆ, ಬೆರಳು 50 ಅಡಿಯಲ್ಲಿ ಹಿಂದಿನ ಬಣ್ಣದೊಳಗೆ ಕರಗಿಹೋದವು. ಒಂದು ಇಂಚಿನ ಗೆರೆ ಮಾತ್ರ ಗೆರೆಯಾಗಿ ನಿಂತಿತು. ಬೈಕಿನವನ ಗತಿ ಇನ್ನೂ ಕಷ್ಟ. ಗಂಟೆಗೆ 30 ಕಿ.ಮೀ. ವೇಗದಲ್ಲಿ 40 ಅಡಿ ದಾಟಲು ಒಂದೂವರೆ ಸೆಕೆಂಡು ಸಾಕು. ಅಷ್ಟರಲ್ಲಿ ಅವನು ಸೈನಿಕರನ್ನು ಎಣಿಸುತ್ತಾನಾ?

ಆ ನಾಲ್ಕು ಅಡಿ ಬರೆಯಲು ಒಂಬತ್ತು ಗಂಟೆ ಹಿಡಿಯಿತು. ಅಂಥವು ಹತ್ತು ತುಂಡು ಅಂದರೆ 90 ಗಂಟೆ. ಜಾಸ್ತಿ ಹೊತ್ತು ತಿಂದದ್ದು ಬ್ರಷ್ ಕೆಲಸವಲ್ಲ, ಬಣ್ಣ ಕಲಸುವುದು. ಮೈಬಣ್ಣಕ್ಕೆ ಮೂರು ಛಾಯೆ, ಬಂಡೆಗೆ ನಾಲ್ಕು. ಬಿಳಿ ಎಮಲ್ಷನ್ನಿಗೆ ಸ್ಟೇನರ್ ಹನಿಹನಿಯಾಗಿ ಹಾಕಿ ಕಲಸಿದ ಬಣ್ಣ ಅರ್ಧಕ್ಕೇ ಮುಗಿದರೆ ಮತ್ತೆ ಅದೇ ಬಣ್ಣ ತರುವುದು ಕಷ್ಟ. ಹಸಿಯಲ್ಲಿ ಒಂದೇ ಥರ ಕಾಣುತ್ತದೆ, ಒಣಗಿದ ಮೇಲೆ ತೇಪೆ ಹಾಕಿದ್ದು ಗೊತ್ತಾಗುತ್ತದೆ.

ಕೊಂಡುಕುರಿಯದು ತದ್ವಿರುದ್ಧ. ನಾಲ್ಕೂವರೆ ಅಡಿ ಎತ್ತರದ ಒಂದು ಗಂಡು, ಒಂದು ಹೆಣ್ಣು, ಒಣಹುಲ್ಲು, ಹಿಂದೆ ಜೋಗಿಮಟ್ಟಿ ಕಡೆಯ ಗುಡ್ಡ, ಮೇಲೆ ಗಾಳಿಯಂತ್ರಗಳು. ಒಟ್ಟು ಐದೇ ಬಣ್ಣ, ಎಲ್ಲ ಅಗಲವಾದ ಪಟ್ಟೆಗಳು. ನಾಲ್ಕು ಅಡಿಗೆ ಎರಡೂವರೆ ಗಂಟೆ. ನಾನು ಅಂಚು ಬರೆದುಕೊಟ್ಟರೆ ಏಳನೇ ಕ್ಲಾಸಿನ ಮಕ್ಕಳು ಒಳಗೆ ತುಂಬಬಹುದು. ಓಬವ್ವನ ಸ್ಕೆಚ್ಚಿನಲ್ಲಿ ಮಕ್ಕಳ ಕೈಗೆ ಬಂಡೆ ಬಿಟ್ಟರೆ ಏನೂ ಕೊಡುವಂತಿರಲಿಲ್ಲ.

ಆದರೆ ಮೊದಲ ತುಂಡು ಸೋತಿತು. ಟೀ ಅಂಗಡಿಯವರನ್ನು ಕರೆತಂದು 50 ಅಡಿಯಲ್ಲಿ ನಿಲ್ಲಿಸಿ ಏನು ಕಾಣುತ್ತದೆ ಅಂತ ಕೇಳಿದೆ. "ಮೇಕೆ ಅಲ್ವಾ ಸಾರ್?" ಅಂದರು. ತಪ್ಪು ಅವರದಲ್ಲ. ಕೊಂಡುಕುರಿಯ ಗುರುತೇ ನಾಲ್ಕು ಕೊಂಬು, ಅದೂ ಗಂಡಿಗೆ ಮಾತ್ರ. ಮುಂದಿನ ಜೋಡಿ ನಿಜದಲ್ಲಿ ಒಂದೆರಡು ಇಂಚು ಅಷ್ಟೇ. ಅದನ್ನು ಅಳತೆಗೆ ಸರಿಯಾಗಿ ಬರೆದಿದ್ದೆ, ಅದು ಕಾಣಲೇ ಇಲ್ಲ. ಇನ್ನೊಂದು ತಪ್ಪೂ ಇತ್ತು. ಕಂದು ಪ್ರಾಣಿಯ ತಲೆ ಕಂದು ಹುಲ್ಲಿನ ಮೇಲೆ ಬಂದಿತ್ತು. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿದೆ. ತಲೆ, ಹುಲ್ಲು ಎರಡೂ ಒಂದೇ ಬೂದಿ. ಬಣ್ಣ ಬೇರೆ ಇದ್ದರೂ ತಿಳಿ-ಗಾಢ ಒಂದೇ ಆದರೆ ದೂರಕ್ಕೆ ಅಂಟಿಕೊಳ್ಳುತ್ತವೆ. ಎರಡನೇ ಸಲ ಗುಡ್ಡದ ಗೆರೆ ಕೆಳಗಿಳಿಸಿ, ತಲೆಯ ಹಿಂದೆ ತಿಳಿ ಆಕಾಶ ತಂದು, ಮುಂದಿನ ಕೊಂಬು ಏಳು ಇಂಚು ಮಾಡಿದೆ. ಆಗ ಅದೇ ಜಾಗದಿಂದ "ಇದಕ್ಯಾಕೆ ನಾಲ್ಕು ಕೊಂಬು?" ಅಂತ ಅವರೇ ಕೇಳಿದರು. ನನಗೆ ಅಷ್ಟು ಸಾಕಿತ್ತು.

ಮಗ್ಗಿ-ವರ್ಣಮಾಲೆಯ ಸ್ಕೆಚ್ ಸುಲಭ ಅಂದುಕೊಂಡಿದ್ದೆ. ನಾಲ್ಕು ಅಡಿಗೆ ಐದು ಗಂಟೆ! ಅಕ್ಷರಕ್ಕೆ ನೂಲು ಹೊಡೆಯಬೇಕು, ಕೈ ನಡುಗಬಾರದು, ಮಕ್ಕಳ ಕೈಗೆ ಬ್ರಷ್ ಕೊಡುವಂತಿಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕು. ಮೂರು ಇಂಚಿನ ಅಕ್ಷರ ಬರೆದರೆ ಅದರ ಒತ್ತು ಒಂದೂಕಾಲು ಇಂಚು. 'ಚಿತ್ರದುರ್ಗ' ಅಂತ ಬರೆದರೆ 'ಚಿ' ಮತ್ತು 'ದು' ದೂರಕ್ಕೆ ಕಾಣುತ್ತವೆ, 'ತ್ರ'ದ ಒತ್ತೂ 'ರ್ಗ'ದ ಅರ್ಕಾವತ್ತೂ ಮಸುಕಾಗುತ್ತವೆ. ದೂರದ ಲೆಕ್ಕ ಹಾಕುವಾಗ ಒತ್ತಿನ ಎತ್ತರ ಹಿಡಿಯಬೇಕು, ಅಕ್ಷರದ್ದಲ್ಲ. ರಸ್ತೆಯಾಚೆಗೆ ಓದಿಸುವ ಹಾಗೆ ಬರೆದರೆ ನಾಲ್ಕು ಅಡಿಯಲ್ಲಿ ಎರಡು ಮಗ್ಗಿಯೂ ಹಿಡಿಯುವುದಿಲ್ಲ. ಅಷ್ಟಕ್ಕೂ ರಸ್ತೆಯಲ್ಲಿ ನಿಂತು ಏಳರ ಮಗ್ಗಿ ಓದುವವರು ಯಾರು? ಓದಬೇಕಾದ ಮಗು ಗೋಡೆಯ ಒಳಗಡೆ ಇದೆ, ಮೂರು ಅಡಿ ದೂರದಲ್ಲಿ.

ತಳದ ಮಾತು ಮೂರಕ್ಕೂ ಒಂದೇ. ಗೋಡೆಯ ಕೆಳಗಿನ ಒಂದು ಅಡಿ ಉಪ್ಪು ಬಿಡುತ್ತಿತ್ತು, ಮಳೆಗಾಲದಲ್ಲಿ ಕೆಸರೂ ಹಾರುತ್ತದೆ. ಅಲ್ಲಿ ಏನು ಬರೆದರೂ ಉದುರುತ್ತದೆ. ಅದನ್ನು ಬರೀ ಕಾವಿ ಪಟ್ಟಿ ಮಾಡಿ ಬಿಟ್ಟೆ. ಮಗ್ಗಿಗೆ ಇದರಿಂದ ಒಂದು ಸಾಲು ಪೂರ್ತಿ ಹೋಯಿತು. ಕೊಂಡುಕುರಿಗೆ ಅದು ಕೆಂಪು ನೆಲವಾಯಿತು. ಬಿಸಿಲಿನ ಮಾತೂ ಅಷ್ಟೇ. ಬೆಳಿಗ್ಗೆ ಹತ್ತೂವರೆ ದಾಟಿದರೆ ಗೋಡೆ ಕಾದು, ಬಣ್ಣ ಬ್ರಷ್ಷಿನಡಿಯಲ್ಲೇ ಒಣಗಿ ಗೀರು ಬೀಳುತ್ತದೆ. ಅಗಲ ಪಟ್ಟೆಯಲ್ಲಿ ಅದು ಎದ್ದು ಕಾಣುತ್ತದೆ. ಈ ಒಂದು ವಿಷಯದಲ್ಲಿ ಓಬವ್ವನೇ ಮೇಲು, ಅಷ್ಟು ಗೆರೆಗಳ ನಡುವೆ ಗೀರು ಯಾರಿಗೂ ಕಾಣಲ್ಲ.

ಕೊನೆಗೆ 28 ಅಡಿ ಕೊಂಡುಕುರಿಗೆ ಹೋಯಿತು. ಮಗ್ಗಿ ಗೋಡೆಯ ಒಳಮೈಗೆ, ನೆಲದಿಂದ ಎರಡು ಅಡಿ ಮೇಲಿಂದ ನಾಲ್ಕು ಅಡಿಯವರೆಗೆ ಮಾತ್ರ. ಗೇಟಿನ ಪಕ್ಕದ 12 ಅಡಿ ಓಬವ್ವನದು, ಅಲ್ಲಿ ಜನ ಬೈಕ್ ನಿಲ್ಲಿಸಿ ಮಕ್ಕಳಿಗೆ ಕಾಯುತ್ತಾರೆ. ಸೈನಿಕರನ್ನೆಲ್ಲ ತೆಗೆದೆ. ಎರಡು ಬಂಡೆ, ನಡುವೆ ಕಪ್ಪು ಕಿಂಡಿ, ಅದರಿಂದ ಹೊರಬರುತ್ತಿರುವ ಒಂದು ತಲೆ, ಮೇಲೆತ್ತಿದ ಒನಕೆ. ಈ ಊರಿನವರಿಗೆ ಉಳಿದ ಕಥೆ ಬರೆದು ಹೇಳಬೇಕಾ? ಹೆಡ್‌ಮೇಷ್ಟ್ರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಕೊಡವಾದರೂ ಇರಲಿ ಅಂದರು, ಅದನ್ನು ಹಾಕಿದೆ.

ವಿಜ್ಞಾನದ ಮೇಡಂ ಮಾತ್ರ ಈಗಲೂ ಸಿಕ್ಕಾಗೆಲ್ಲ ಮುಂದಿನ ಕೊಂಬು ಉದ್ದ ಆಯಿತು ಅಂತಾರೆ. ಟೀ ಅಂಗಡಿಯಿಂದ ನೋಡಿ ಮೇಡಂ ಅಂದೆ. ಅವರು ಟೀ ಕುಡಿಯೋದಿಲ್ಲವಂತೆ.