‘ಟಿ-120’ ಎಂದು ಕಂಡ ಕೂಡಲೇ ಅಮೆರಿಕದ ಟೇಪು ಎನ್ನುವವರ ಕೈಗೆ ಕ್ಯಾಸೆಟ್ ಕೊಡಬೇಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಅಟ್ಟದಿಂದ ವಿಎಚ್‌ಎಸ್ ಕ್ಯಾಸೆಟ್ ಇಳಿಸಿ ಪೆನ್‌ಡ್ರೈವಿಗೆ ಹಾಕಿಸಲು ಹೊರಟವರು ಒಮ್ಮೆ ಇದನ್ನು ಓದಿ. ಬದಿಯಡ್ಕ ಕಡೆಯ ಒಂದು ಮನೆಯ ಮದುವೆಯ ಕ್ಯಾಸೆಟ್ಟಿಗೆ ಪೇಟೆಯ ಅಂಗಡಿಯೊಂದರಲ್ಲಿ ಆದದ್ದು ಎಷ್ಟೋ ಮನೆಗಳಲ್ಲಿ ಆಗುವಂಥದ್ದೇ. ಕ್ಯಾಸೆಟ್ ಹಾಳಾಗಿರಲಿಲ್ಲ. ಅದು ಯಾವ ದೇಶದ್ದೆಂದು ಅಂಗಡಿಯವರು ಹಾಕಿದ ಅಂದಾಜು ಮಾತ್ರ ತಪ್ಪಿತ್ತು.

ಮದುವೆ 1980ರ ದಶಕದ ಕೊನೆಯದು, ನಡೆದದ್ದು ಊರಿನಲ್ಲೇ. ಕ್ಯಾಸೆಟ್ ಮಾತ್ರ ಸೌದಿಯ ದಮ್ಮಾಮ್‌ನಲ್ಲಿದ್ದ ಮನೆಯ ಹಿರಿಮಗ ತಂದದ್ದು. ಮೇಲೆ ‘ಟಿ-120’, ಕೆಳಗೆ ‘ಮೇಡ್ ಇನ್ ಜಪಾನ್’. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, ‘ಟಿ’ ಅಂದರೆ ಅಮೆರಿಕ, ಜಪಾನಿನ ಲೆಕ್ಕ, ಹಾಗಾಗಿ ಇದು ಆ ದೇಶಗಳ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಎಂದು ತೀರ್ಮಾನಿಸಿದರು. ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಡಾಂಗಲನ್ನು ಎನ್‌ಟಿಎಸ್‌ಸಿಗೆ ಇಟ್ಟರು, ಎರಡು ಗಂಟೆಗೆ ಟೈಮರ್ ಹಾಕಿದರು. ಮನೆಯವರ ಕೈಗೆ ಸಿಕ್ಕಿದ ಫೈಲಿನಲ್ಲಿ ಚಿತ್ರ ಕಪ್ಪುಬಿಳುಪು, ಮೇಲಕ್ಕೂ ಕೆಳಕ್ಕೂ ಉರುಳುತ್ತಿತ್ತು, ನಡುನಡುವೆ ಅಡ್ಡಡ್ಡ ಹರಿಯುತ್ತಿತ್ತು. ಧ್ವನಿ ಮಾತ್ರ ಸ್ವಚ್ಛ. ‘ಹಳೇ ಟೇಪಲ್ವಾ, ಬಣ್ಣ ಹೋಗಿದೆ’ ಎಂಬ ಉತ್ತರ ಬೇರೆ.

ಬಣ್ಣ ಹೋಗುವುದು ಫೋಟೋದಲ್ಲಿ. ವಿಎಚ್‌ಎಸ್ ಟೇಪಿನಲ್ಲಿ ಬಣ್ಣವೂ ಒಂದು ಕಾಂತೀಯ ಸಂಕೇತ. ಟೇಪು ಸವೆದರೆ ಚಿತ್ರದಲ್ಲಿ ಬಿಳಿ ಗೆರೆಗಳು ಮಿಂಚುತ್ತವೆ, ಮಣ್ಣುಮಣ್ಣಾಗುತ್ತದೆ, ಬಣ್ಣ ಕಲಸಿ ಹರಡುತ್ತದೆ. ಧ್ವನಿ ಸ್ವಚ್ಛವಾಗಿದ್ದು, ಇಡೀ ಟೇಪಿನಲ್ಲಿ ಒಂದು ಚೂರೂ ಬಣ್ಣವಿಲ್ಲ ಎಂದಾದರೆ ಸಂಶಯ ಪಡಬೇಕಾದ್ದು ಟೇಪಿನ ಮೇಲಲ್ಲ, ಸೆಟ್ಟಿಂಗಿನ ಮೇಲೆ.

ಇನ್ನು ಆ ‘ಟಿ-120’ರ ವಿಷಯ. ಅದು ಟೇಪಿನ ಉದ್ದದ ಗುರುತು, ಬಣ್ಣದ ಪದ್ಧತಿಯದ್ದಲ್ಲ. ಎನ್‌ಟಿಎಸ್‌ಸಿ ದೇಶಗಳ ಯಂತ್ರದಲ್ಲಿ ಸಾಮಾನ್ಯ ವೇಗಕ್ಕೆ 120 ನಿಮಿಷ ಬರುವಷ್ಟು ಉದ್ದ ಎಂದಷ್ಟೇ ಅದರ ಅರ್ಥ. ಹಾಗೆಯೇ ‘ಇ-180’ ಅಂದರೆ ನಮ್ಮ ದೇಶದ ಪದ್ಧತಿಯಾದ ಪಾಲ್ ಯಂತ್ರದಲ್ಲಿ 180 ನಿಮಿಷ. ಖಾಲಿ ಕ್ಯಾಸೆಟ್ಟಿಗೆ ಪಾಲ್ ಎಂದೂ ಇಲ್ಲ, ಎನ್‌ಟಿಎಸ್‌ಸಿ ಎಂದೂ ಇಲ್ಲ. ಯಾವ ಯಂತ್ರ ಅದರ ಮೇಲೆ ಬರೆಯಿತೋ ಅದರ ಪದ್ಧತಿ ಟೇಪಿನಲ್ಲಿ ಕೂರುತ್ತದೆ. ಜಪಾನಿನ ಕ್ಯಾಸೆಟ್ ಲೋಕದ ಎಲ್ಲಾ ಮೂಲೆಗೂ ಹೋಗುತ್ತಿತ್ತು, ಹಾಗಾಗಿ ತಯಾರಾದ ಊರಿನ ಹೆಸರು ಯಾವ ಸುಳಿವೂ ಅಲ್ಲ.

ಲೆಕ್ಕ ಹಾಕಿದರೆ ಇನ್ನೊಂದು ನಷ್ಟವೂ ಕಾಣುತ್ತದೆ. ಟಿ-120ರಲ್ಲಿ ಇರುವುದು ಹೆಚ್ಚುಕಡಿಮೆ 247 ಮೀಟರ್ ಟೇಪು. ಎನ್‌ಟಿಎಸ್‌ಸಿ ಯಂತ್ರ ಅದನ್ನು ಸೆಕೆಂಡಿಗೆ 33.35 ಮಿಲಿಮೀಟರ್ ವೇಗದಲ್ಲಿ ಎಳೆಯುತ್ತದೆ, ಎರಡು ಗಂಟೆಯ ಚಿಲ್ಲರೆಗೆ ಮುಗಿಯುತ್ತದೆ. ಪಾಲ್ ಯಂತ್ರ ಎಳೆಯುವುದು 23.39 ಮಿಲಿಮೀಟರ್ ಮಾತ್ರ, ಅದೇ ಟೇಪು ಸುಮಾರು 2 ಗಂಟೆ 55 ನಿಮಿಷ ಬರುತ್ತದೆ. ಅಂದರೆ ಎರಡು ಗಂಟೆಗೆ ಟೈಮರ್ ಹಾಕಿದ್ದರಿಂದ ಕೊನೆಯ 55 ನಿಮಿಷ, ಊಟದ ಪಂಕ್ತಿಯೂ ದಿಬ್ಬಣ ಹೊರಟದ್ದೂ ಸೇರಿ, ಫೈಲಿಗೆ ಬರಲೇ ಇಲ್ಲ. ಯಾರೂ ಗಮನಿಸಲೂ ಇಲ್ಲ, ಏಕೆಂದರೆ ಉರುಳುವ ಚಿತ್ರವನ್ನು ಕೊನೆಯವರೆಗೆ ನೋಡುವ ತಾಳ್ಮೆ ಯಾರಿಗಿದೆ? ಟೈಮರ್ ನಂಬುವವರಿಗೆ ಟೇಪು ಕೊಡುವುದೇ ಬೇಡ. ಸುರುಳಿ ಖಾಲಿಯಾಗಿ ಯಂತ್ರ ತಾನೇ ನಿಲ್ಲುವವರೆಗೆ ಹಿಡಿಯಬೇಕು.

ಮತ್ತೊಂದು ಕಡೆ ಡಾಂಗಲನ್ನು ಪಾಲ್‌ಗೆ ಇಟ್ಟು ಹಾಕಿದಾಗ ಮದುವೆ ಬಣ್ಣದಲ್ಲೇ ಬಂತು. ಆದರೆ ಅದಕ್ಕಿಂತ ಮೊದಲು ಟೇಪಿನ ಆರಂಭದಲ್ಲಿ ದಮ್ಮಾಮ್‌ನಲ್ಲಿ ಟಿವಿಯಿಂದ ಹಿಡಿದಿದ್ದ ಒಂದು ಫುಟ್ಬಾಲ್ ಪಂದ್ಯವಿತ್ತು. ಅದು ಕಪ್ಪುಬಿಳುಪಾಗಿಯೇ ಉಳಿಯಿತು. ಉರುಳಲಿಲ್ಲ, ಹರಿಯಲಿಲ್ಲ, ಕಂಬ ನೆಟ್ಟ ಹಾಗೆ ನಿಂತ ಚಿತ್ರ, ಬಣ್ಣ ಮಾತ್ರ ಇಲ್ಲ.

ಈ ಎರಡು ಬಗೆಯ ಕಪ್ಪುಬಿಳುಪಿನ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಪಾಲ್ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 50 ಫೀಲ್ಡ್, ಅಂದರೆ ಅರ್ಧರ್ಧ ಚಿತ್ರ. ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಹತ್ತಿರಹತ್ತಿರ 60 ಫೀಲ್ಡ್. ಈ ಎಣಿಕೆ ಹೊಂದದಿದ್ದರೆ ಚಿತ್ರ ನಿಲ್ಲುವುದಿಲ್ಲ, ಉರುಳುತ್ತದೆ. ಎಣಿಕೆ ಹೊಂದಿ, ಬಣ್ಣವನ್ನು ಕಟ್ಟುವ ಕ್ರಮ ಮಾತ್ರ ಬೇರೆಯಾದರೆ ಚಿತ್ರ ನಿಲ್ಲುತ್ತದೆ, ಬಣ್ಣ ಬರುವುದಿಲ್ಲ. ಫುಟ್ಬಾಲಿನದ್ದು ಎರಡನೆಯ ಬಗೆ. ಕೊಲ್ಲಿಯ ಯುಎಇ, ಒಮಾನ್, ಕುವೈತ್, ಕತಾರ್, ಬಹರೈನ್ ಎಲ್ಲವೂ ನಮ್ಮಂತೆ ಪಾಲ್ ಬಳಸುತ್ತಿದ್ದಾಗ ಸೌದಿ ಮಾತ್ರ ಸೆಕಾಂ ಎಂಬ ಮೂರನೆಯ ಪದ್ಧತಿ ಹಿಡಿದಿತ್ತು. ಸೆಕಾಂನಲ್ಲೂ 625 ಗೆರೆ, 50 ಫೀಲ್ಡ್. ಅಲ್ಲಿನ ವಿಸಿಆರ್‌ಗಳು ಅದನ್ನು ಮೆಸೆಕಾಂ ಎಂಬ ಕ್ರಮದಲ್ಲಿ ಟೇಪಿಗೆ ಬರೆಯುತ್ತಿದ್ದವು. ‘ಗಲ್ಫಿನದ್ದಲ್ವಾ, ಪಾಲ್ ಇರಬೇಕು’ ಎಂದರೂ ಅಪಾಯವೇ ಎನ್ನುವುದು ಇದಕ್ಕಾಗಿ. ಬಣ್ಣ ಬೇಕಾದರೆ ಮುಂಭಾಗದಲ್ಲೋ ಹಿಂಭಾಗದಲ್ಲೋ ‘ಮೆಸೆಕಾಂ’ ಸ್ವಿಚ್ ಇರುವ ಯಂತ್ರ ಬೇಕು, ಡಾಂಗಲೂ ಸೆಕಾಂಗೆ ಇರಬೇಕು. ಗಲ್ಫಿಗಾಗಿಯೇ ಮಾಡಿದ ಮಲ್ಟಿಸಿಸ್ಟಮ್ ವಿಸಿಆರ್‌ಗಳು ಕಾಸರಗೋಡಿನ ಹಳೆಯ ಮನೆಗಳಲ್ಲಿ ಇನ್ನೂ ಸಿಗುತ್ತವೆ. ಗುಜರಿಗೆ ಹಾಕುವ ಮೊದಲು ಆ ಸ್ವಿಚ್ ಇದೆಯೇ ನೋಡಿ.

ಹಾಗಾದರೆ ಪದ್ಧತಿ ತಿಳಿಯುವುದು ಹೇಗೆ? ಮೊದಲು ಕ್ಯಾಸೆಟ್ಟಿನ ಬಾಗಿಲು ಎತ್ತಿ ಟೇಪಿನ ಮೈ ಮತ್ತು ಸುರುಳಿಯ ಅಂಚು ನೋಡಿ. ನಮ್ಮ ಕರಾವಳಿಯ ಮಳೆಗಾಲ ಕಂಡ ಟೇಪಿನಲ್ಲಿ ಬಿಳಿ ಬೂಷ್ಟು ಇರುವುದೇ ಹೆಚ್ಚು. ಬೂಷ್ಟು ಇದ್ದರೆ ಯಾವ ಯಂತ್ರಕ್ಕೂ ಹಾಕಬೇಡಿ, ಹೆಡ್ ಕಟ್ಟುತ್ತದೆ, ಟೇಪೂ ಕೆರೆಯುತ್ತದೆ. ಚೊಕ್ಕವಿದ್ದರೆ ಮಲ್ಟಿಸಿಸ್ಟಮ್ ವಿಸಿಆರ್‌ಗೆ ಹಾಕಿ, ಹಳದಿ ತಂತಿಯನ್ನು ಈಗಿನ ಎಲ್‌ಸಿಡಿ ಟಿವಿಯ ಎವಿಗೆ ಕೊಡಿ. ಅಂಥ ಹೆಚ್ಚಿನ ಟಿವಿಗಳು ಮೂರೂ ಪದ್ಧತಿ ಓದುತ್ತವೆ, ಇನ್ಫೋ ಗುಂಡಿ ಒತ್ತಿದರೆ ಹಲವು ಟಿವಿಗಳು ಹೆಸರನ್ನೂ ತೋರಿಸುತ್ತವೆ.

ಅಲ್ಲೂ ಎಡವುವ ಒಂದು ಜಾಗವಿದೆ. ಪಾಲ್ ಟಿವಿಯಲ್ಲಿ ಎನ್‌ಟಿಎಸ್‌ಸಿ ಟೇಪು ನೋಡಲೆಂದು ಸೌಕರ್ಯ ಕೊಟ್ಟ ವಿಸಿಆರ್‌ಗಳು ಗೆರೆಯನ್ನು 525ರಲ್ಲೇ ಬಿಟ್ಟು ಬಣ್ಣವನ್ನಷ್ಟೇ ಪಾಲ್ ಕ್ರಮಕ್ಕೆ ಬದಲಿಸಿ ಕಳುಹಿಸುತ್ತವೆ. ಆಗ ಟಿವಿ ‘ಪಾಲ್’ ಎಂದೇ ಬರೆಯಬಹುದು, ಟೇಪು ಮಾತ್ರ ಎನ್‌ಟಿಎಸ್‌ಸಿ. ಅದಕ್ಕೇ ಬಣ್ಣದ ಹೆಸರಿಗಿಂತ ಗೆರೆಯ ಎಣಿಕೆ ಹೆಚ್ಚು ನೆಚ್ಚಿಗೆ. ವಿಂಡೋಸಿನಲ್ಲಿ ಓಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಡಾಂಗಲಿನ `Configure Video` ತೆರೆದರೆ `Video Decoder` ಎಂಬ ಹಾಳೆ ಇರುತ್ತದೆ. ಅಲ್ಲಿ `Video Standard` ಆರಿಸುವ ಜಾಗದ ಜೊತೆಗೆ `Lines Detected` ಎಂಬ ಸಾಲೂ ಉಂಟು. ಟೇಪು ಓಡುತ್ತಿರುವಾಗ ಅಲ್ಲಿ 625 ಕಂಡರೆ `PAL_B` ಇಟ್ಟು ನೋಡಿ, ಬಣ್ಣ ಬಾರದಿದ್ದರೆ ಸೆಕಾಂ. 525 ಕಂಡರೆ `NTSC_M`. ನೀವು ಆಯ್ಕೆ ಬದಲಿಸಿದ ಹಾಗೆಲ್ಲ ಆ ಸಂಖ್ಯೆಯೂ ಬದಲಾದರೆ ಡಾಂಗಲು ಟೇಪನ್ನು ಎಣಿಸುತ್ತಿಲ್ಲ, ನಿಮ್ಮ ಆಯ್ಕೆಯನ್ನೇ ಓದಿ ಹೇಳುತ್ತಿದೆ. ಆಗ ಚಿತ್ರ ಉರುಳುತ್ತದೆಯೋ ನಿಲ್ಲುತ್ತದೆಯೋ ಎಂದು ಕಣ್ಣಲ್ಲೇ ನೋಡಬೇಕು.

ಟೇಪಿನ ಆರಂಭವನ್ನು ಮಾತ್ರ ನೋಡಿ ಸೆಟ್ ಮಾಡಿ ಬಿಡುವುದೂ ಸಲ್ಲದು. ಬದಿಯಡ್ಕದ ಕ್ಯಾಸೆಟ್ಟಿನಂತೆ ಒಂದರಲ್ಲೇ ಎರಡು ಪದ್ಧತಿ ಇರಬಹುದು. ಆರಂಭ, ನಡು, ಕೊನೆ ಮೂರೂ ಕಡೆ ಓಡಿಸಿ ನೋಡಿ, ಪದ್ಧತಿ ಬದಲಾಗುವಲ್ಲಿ ನಿಲ್ಲಿಸಿ ಎರಡು ಫೈಲಾಗಿ ಹಿಡಿಯಬೇಕು.

ಅಂಗಡಿಯವರು ಕೊಟ್ಟ ಫೈಲನ್ನು ಮನೆಯಲ್ಲೇ ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್ ಇದ್ದರೆ ಒಂದು ಸಾಲು ಸಾಕು:

```
ffprobe -v error -select_streams v:0 -show_entries stream=width,height,r_frame_rate -of csv=p=0 maduve.avi
```

`720,576,25/1` ಎಂದು ಬಂದರೆ 625 ಗೆರೆಯ ಸೆಟ್ಟಿಂಗಿನಲ್ಲಿ ಹಿಡಿದದ್ದು. `720,480,30000/1001` ಎಂದರೆ 525ರದ್ದು. ಇದು ಹೇಳುವುದು ಅಂಗಡಿಯವರು ಡಾಂಗಲನ್ನು ಯಾವುದಕ್ಕೆ ಇಟ್ಟಿದ್ದರು ಎಂಬುದನ್ನು, ಟೇಪಿನಲ್ಲಿ ಏನಿದೆ ಎಂಬುದನ್ನಲ್ಲ. ಊರಿನಲ್ಲೇ ತೆಗೆದ ಮದುವೆ, ಫೈಲಿನಲ್ಲಿ 480, ಮೇಲಿಂದ ಕಪ್ಪುಬಿಳುಪು: ಈ ಮೂರು ಕೂಡಿದರೆ ಟೇಪು ಹಾಕಿ ಮತ್ತೆ ಹಿಡಿಯಿರಿ ಎಂದು ಕೇಳಲು ನಿಮಗೆ ಆಧಾರ ಸಿಕ್ಕಿತು. ಕೆಟ್ಟ ಫೈಲನ್ನು ಸಾಫ್ಟ್‌ವೇರಿನಲ್ಲಿ ‘ಕನ್ವರ್ಟ್’ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಿಡಿಯುವಾಗಲೇ ಬಾರದ ಬಣ್ಣ ಆಮೇಲೆ ಎಲ್ಲಿಂದಲೂ ಬರುವುದಿಲ್ಲ.

ಹಳೆಯ ಟಿವಿಯ ದೇಶ ಹೇಳುವವರೂ ಇದೇ ಬಗೆಯಲ್ಲಿ ಎಡವುತ್ತಾರೆ. ಹಿಂದಿನ ಚೀಟಿಯಲ್ಲಿ 60 ಹರ್ಟ್ಸ್ ಕಂಡರೆ ಎನ್‌ಟಿಎಸ್‌ಸಿ ಎಂದುಬಿಡುತ್ತಾರೆ. ಅದು ಕರೆಂಟಿನ ಲೆಕ್ಕ. ಸೌದಿಯ ಮನೆಗಳಲ್ಲಿ 127 ವೋಲ್ಟ್, 60 ಹರ್ಟ್ಸ್ ಕರೆಂಟು ಇತ್ತು, ಟಿವಿ ಪ್ರಸಾರ ಮಾತ್ರ 50 ಫೀಲ್ಡಿನದ್ದು. ಜಪಾನಿನ ಪೂರ್ವ ಭಾಗದಲ್ಲಿ ಕರೆಂಟು 50 ಹರ್ಟ್ಸ್, ಟಿವಿ ಎಲ್ಲೆಡೆ ಎನ್‌ಟಿಎಸ್‌ಸಿ. ಬ್ರೆಜಿಲ್ ಪಾಲ್ ಬಳಸಿದರೂ ಗೆರೆ 525. ಚೀಟಿಯಲ್ಲಿ ನಿಜವಾಗಿ ಓದಬೇಕಾದ್ದು ವೋಲ್ಟ್: 110, 120 ಅಥವಾ 127 ಎಂದಷ್ಟೇ ಇದ್ದು 220–240ರ ಆಯ್ಕೆ ಇಲ್ಲದಿದ್ದರೆ ನಮ್ಮ ಪ್ಲಗ್ಗಿಗೆ ನೇರ ಸಿಕ್ಕಿಸಬಾರದು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇಂಗ್ಲೆಂಡಿನಿಂದ ತಂದ ಪಾಲ್ ಟಿವಿಗೆ ಆ ತೊಂದರೆ ಇಲ್ಲ, ಆದರೆ ಆಂಟೆನಾ ದಾರಿಯಿಂದ ಹಳೆಯ ವಿಸಿಆರ್ ಜೋಡಿಸಿದರೆ ಚಿತ್ರ ಬಣ್ಣದಲ್ಲಿ ಬಂದು ಧ್ವನಿ ಮಾತ್ರ ಬುಸುಗುಡುತ್ತದೆ. ಅಲ್ಲಿ ಚಿತ್ರಕ್ಕೂ ಧ್ವನಿಗೂ ನಡುವೆ 6 ಮೆಗಾಹರ್ಟ್ಸ್ ಅಂತರ, ನಮ್ಮಲ್ಲಿ 5.5. ಎವಿ ತಂತಿಯಿಂದ ಜೋಡಿಸಿದರೆ ಆ ಸಮಸ್ಯೆ ಬರುವುದೇ ಇಲ್ಲ.